ಹೆಸರು, ಮುಖಚಿತ್ರ, ಮೊದಲ ಮೂವತ್ತು ಸೆಕೆಂಡು

ಹೊಸ ಪಾಡ್‌ಕಾಸ್ಟ್ ಸರಣಿಯೊಂದು ಕೇಳುಗರ ಕಣ್ಣಿಗೆ ಮೊದಲು ಬೀಳುವುದು ಫೋನಿನ ಪರದೆಯ ಮೇಲೆ, ಹೆಬ್ಬೆರಳಿನ ಉಗುರಿನಷ್ಟು ಚೌಕದಲ್ಲಿ. ಅದರ ಪಕ್ಕದಲ್ಲಿ ಹೆಸರು ಇರುತ್ತದೆ. ಒತ್ತಿದರೆ ದನಿ ಶುರುವಾಗುತ್ತದೆ. ನೋಡಿ, ಓದಿ, ಕೇಳುವುದಕ್ಕೆ ಒಂದು ನಿಮಿಷವೂ ಬೇಕಿಲ್ಲ. ಆದರೆ ಮಾಡುವವರ ಕಡೆ ಈ ಮೂರೂ ಬೇರೆ ಬೇರೆ ಕೈಗಳಲ್ಲಿ ತಯಾರಾಗುತ್ತವೆ. ಹೆಸರನ್ನು ಗೆಳೆಯರು ಕೂತು ಹರಟುತ್ತ ಇಡುತ್ತಾರೆ, ಮುಖಚಿತ್ರವನ್ನು ಪರಿಚಯದ ಡಿಸೈನರ್ ಮಾಡಿಕೊಡುತ್ತಾರೆ, ಪರಿಚಯದ ಮಾತನ್ನು ರೆಕಾರ್ಡಿಂಗ್ ದಿನ ಅವಸರದಲ್ಲಿ ಬರೆಯಲಾಗುತ್ತದೆ. ಹೀಗಾದಾಗ ಹೆಸರು ಹರಟೆಗೆ ಕರೆಯುತ್ತದೆ, ಚಿತ್ರ ಪಠ್ಯಪುಸ್ತಕದ ರಕ್ಷಾಪುಟದಂತೆ ಕಾಣುತ್ತದೆ, ದನಿ ಸಭೆಯ ಸ್ವಾಗತ ಭಾಷಣ ಮಾಡುತ್ತದೆ. ಇಲ್ಲಿ ಮಾತಾಡುತ್ತಿರುವವರು ಯಾರು ಎಂಬುದೇ ಕೇಳುಗರಿಗೆ ತಿಳಿಯುವುದಿಲ್ಲ.

ಮೂರೂ ಒಂದೇ ದನಿಯಲ್ಲಿ ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ನಿದರ್ಶನ ಅಮೆರಿಕದ ‘ಸೀರಿಯಲ್’. 2014ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸರಣಿಯ ನಿರೂಪಕಿ ಸಾರಾ ಕೇನಿಗ್. ಮೊದಲ ಸರಣಿ 1999ರಲ್ಲಿ ಬಾಲ್ಟಿಮೋರ್ ಬಳಿ ನಡೆದ ಒಂದು ಕೊಲೆಯ ಮರುಶೋಧನೆ. ಹೆಸರು ಒಂದೇ ಪದ, ಧಾರಾವಾಹಿ ಎಂದಷ್ಟೇ ಅದರರ್ಥ. ಕೊಲೆ, ರಕ್ತ, ರಹಸ್ಯ ಯಾವುದರ ಸುಳಿವೂ ಅದರಲ್ಲಿಲ್ಲ. ಒಂದೇ ಕಥೆಯನ್ನು ವಾರವಾರವೂ ಬಿಡಿಸುತ್ತ ಹೋಗುತ್ತೇವೆ ಎಂಬ ಮಾತು ಮಾತ್ರ ಇದೆ. ಕೊಲೆಗಾರನೆಂದು ಶಿಕ್ಷೆಗೊಳಗಾಗಿ ಜೈಲಿನಲ್ಲಿದ್ದ ಅದ್ನಾನ್ ಸಯ್ಯದ್‌ನೊಂದಿಗೆ ಕೇನಿಗ್ ಫೋನಿನಲ್ಲಿ ನಡೆಸಿದ ಮಾತುಕತೆ ಸರಣಿಯ ಬೆನ್ನೆಲುಬು. ಹಾಗಾಗಿ ಪರಿಚಯದಲ್ಲೂ ಜೈಲಿನಿಂದ ಬಂದ ಕರೆ ಇದು ಎಂದು ತಿಳಿಸುವ ಯಂತ್ರದ ದನಿಯೇ ಕೇಳಿಸುತ್ತದೆ. ಜತೆಗೆ ನಿಕ್ ಥಾರ್ಬರ್ನ್ ಮಾಡಿದ, ಕೆಲವೇ ಸ್ವರಗಳ ಪಿಯಾನೊ. ಆಮೇಲೆ ಕೇನಿಗ್ ಪಕ್ಕದಲ್ಲಿ ಕೂತವರಿಗೆ ಹೇಳುವಂತೆ, ತನ್ನ ಅನುಮಾನಗಳನ್ನೂ ಮುಚ್ಚಿಡದೆ ಮಾತು ಶುರುಮಾಡುತ್ತಾರೆ. ಪರಿಚಯದಲ್ಲಿ ಬಂದದ್ದೆಲ್ಲ ಕಥೆಯ ಒಳಗಿನಿಂದಲೇ ಎತ್ತಿಕೊಂಡದ್ದು. ಹೊರಗಿನಿಂದ ತಂದು ಅಂಟಿಸಿದ್ದು ಏನೂ ಇಲ್ಲ.

ಕನ್ನಡದಲ್ಲಿ ಇದನ್ನು ಹೇಗೆ ಮಾಡಬಹುದು? ಒಂದು ಸರಣಿಯನ್ನು ಕಲ್ಪಿಸಿಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ವಿಷಯ, ಬೆಂಗಳೂರಿನ ಮುಚ್ಚಿಹೋದ ಕೆರೆಗಳು. ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಎದ್ದದ್ದು ಸಂಪಂಗಿ ಕೆರೆಯ ಜಾಗದಲ್ಲಿ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಪ್ರತಿ ಕಂತಿನಲ್ಲೂ ನಿರೂಪಕಿ ಒಂದೊಂದು ಜಾಗಕ್ಕೆ ಹೋಗಿ, ಅಲ್ಲೇ ನಿಂತು ಕಥೆ ಹೇಳುತ್ತಾಳೆ.

ಹೆಸರು ಹುಡುಕುವ ಮೊದಲು ಒಂದು ವಾಕ್ಯ ಬರೆದಿಟ್ಟುಕೊಳ್ಳಬೇಕು: ಯಾರು, ಯಾರಿಗೆ, ಯಾವ ಧಾಟಿಯಲ್ಲಿ ಹೇಳುತ್ತಿದ್ದಾರೆ? ನಮ್ಮ ಸರಣಿಗೆ ಅದು ಹೀಗಿರಬಹುದು: ‘ಊರನ್ನು ಕಾಲ್ನಡಿಗೆಯಲ್ಲಿ ಬಲ್ಲ ಹೆಂಗಸೊಬ್ಬಳು, ದಿನಾ ಆ ಜಾಗದಲ್ಲೇ ಓಡಾಡುವವರಿಗೆ, ಗೋಳಾಡದೆ, ಬೆರಳು ಮಾಡಿ ತೋರಿಸಿ ಹೇಳುತ್ತಾಳೆ.’ ಈ ವಾಕ್ಯ ಎಲ್ಲೂ ಪ್ರಕಟವಾಗುವುದಿಲ್ಲ. ಹೆಸರು, ಚಿತ್ರ, ದನಿ ಮೂರನ್ನೂ ಇದರ ಮುಂದಿಟ್ಟು ನೋಡುವುದಕ್ಕಷ್ಟೇ ಅದು ಬೇಕು.

ಈಗ ಹೆಸರುಗಳನ್ನು ತೂಗೋಣ. ‘ಬೆಂಗಳೂರಿನ ಕಣ್ಮರೆಯಾದ ಕೆರೆಗಳ ಇತಿಹಾಸ’ ಎಂದರೆ ವಿಷಯ ಸ್ಪಷ್ಟವಾಗುತ್ತದೆ. ಆದರೆ ಫೋನಿನ ಪಟ್ಟಿಯಲ್ಲಿ ಇದು ಅರ್ಧಕ್ಕೇ ಕತ್ತರಿಸಿಹೋಗುತ್ತದೆ, ‘ಇತಿಹಾಸ’ ಎಂಬ ಪದ ಮೇಷ್ಟರ ದನಿ ತರುತ್ತದೆ. ‘ಜಲಸ್ಮೃತಿ’ ಕಿವಿಗೆ ಚೆಂದ, ಚಿಕ್ಕದೂ ಹೌದು. ಆದರೆ ನಮ್ಮ ನಿರೂಪಕಿ ಹಾಗೆ ಮಾತಾಡುವವಳಲ್ಲ, ಅದು ಕವನ ಸಂಕಲನದ ಹೆಸರು. ‘ಇಲ್ಲೊಂದು ಕೆರೆ ಇತ್ತು’ ಎಂಬುದು ಮೂರೇ ಪದ, ಯಾರು ಬೇಕಾದರೂ ಬಾಯಲ್ಲಿ ಹೇಳುವ ಮಾತು. ‘ಇಲ್ಲೊಂದು’ ಎಂದಾಗ ಬೆರಳು ತಾನಾಗಿ ಜಾಗದತ್ತ ಹೋಗುತ್ತದೆ, ಅಂದರೆ ವಾಕ್ಯದಲ್ಲಿ ಕೇಳಿದ್ದೆಲ್ಲ ಹೆಸರಿನಲ್ಲಿದೆ. ಮುಂಬೈನ ಐವಿಎಂ ಸಂಸ್ಥೆಯ ಹೆಸರಾಂತ ಕನ್ನಡ ಪಾಡ್‌ಕಾಸ್ಟ್ ‘ತಲೆ-ಹರಟೆ’ಯೂ ಇದೇ ದಾರಿ ಹಿಡಿದದ್ದು. ಗಂಭೀರ ವಿಷಯಗಳನ್ನೂ ಹರಟೆಯ ಧಾಟಿಯಲ್ಲಿ ಮಾತಾಡುವ ಕಾರ್ಯಕ್ರಮಕ್ಕೆ, ಬೈಗುಳವನ್ನೇ ನಡುವೆ ಒಡೆದು ಇಟ್ಟ ಹೆಸರು ತಕ್ಕುದಾಗಿಯೇ ಇದೆ.

ಹೆಸರು ಆಯಿತೆಂದು ಕುಣಿಯುವ ಮೊದಲು ಎರಡು ಕೆಲಸ ಇದೆ. ಒಂದು, ಅದೇ ಹೆಸರು ಬೇರೆ ಯಾರಲ್ಲಾದರೂ ಇದೆಯೇ ಎಂದು ಆಪಲ್, ಸ್ಪಾಟಿಫೈ, ಯೂಟ್ಯೂಬ್‌ಗಳಲ್ಲಿ ಹುಡುಕಬೇಕು. ಸರಣಿಯನ್ನು ಉದ್ಯಮವಾಗಿ ಬೆಳೆಸುವ ಆಸೆ ಇದ್ದರೆ ಸರ್ಕಾರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಮನರಂಜನೆ, ಶಿಕ್ಷಣಗಳಿಗೆ ಮೀಸಲಾದ 41ನೇ ವರ್ಗದಲ್ಲೂ ನೋಡಬೇಕು. ಎರಡು, ಕನ್ನಡಿಗರಲ್ಲಿ ಅನೇಕರು ಫೋನಿನಲ್ಲಿ ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ಆದ್ದರಿಂದ ಕನ್ನಡ ಹೆಸರಿನ ಪಕ್ಕ Illondu Kere Ittu ಎಂದೂ ಸೇರಿಸುವುದು ಒಳ್ಳೆಯದು. ಅಷ್ಟಕ್ಕೇ ನಿಲ್ಲಿಸಬೇಕು. ಹುಡುಕಾಟದಲ್ಲಿ ಮೇಲೆ ಬರಲೆಂದು ಶೀರ್ಷಿಕೆಯಲ್ಲಿ ‘ಬೆಂಗಳೂರು, ಇತಿಹಾಸ, ಪರಿಸರ’ ಎಂದು ಪದಗಳನ್ನು ತುರುಕಿದರೆ ಆಪಲ್ ಆ ಸರಣಿಯನ್ನು ಪಟ್ಟಿಯಿಂದಲೇ ತೆಗೆದುಹಾಕಬಹುದು.

ಹೆಸರಾದ ಕೂಡಲೇ ಎಲ್ಲರೂ ಚಿತ್ರಕ್ಕೆ ಕೈ ಹಾಕುತ್ತಾರೆ. ಅದರ ಬದಲು ಪರಿಚಯದ ಮಾತನ್ನು ಮೊದಲು ಬರೆಯಿರಿ. ಹೆಸರು ಬಾಯಲ್ಲಿ ಸಲೀಸಾಗಿ ಬರುತ್ತದೆಯೋ ಇಲ್ಲವೋ ಎಂಬುದು ಗೊತ್ತಾಗುವುದೇ ಅಲ್ಲಿ, ತಿದ್ದುವುದಕ್ಕೆ ಖರ್ಚೂ ಇಲ್ಲ. ಕನ್ನಡದಲ್ಲಿ ಇಲ್ಲೊಂದು ಹಳೆಯ ಅಭ್ಯಾಸ ಅಡ್ಡ ಬರುತ್ತದೆ. ಮೈಕ್ ಮುಂದೆ ಕೂತ ಕೂಡಲೇ ನಮ್ಮ ಬಾಯಲ್ಲಿ ಬರುವುದು ಇಂಥ ಮಾತು:

‘ಆತ್ಮೀಯ ಶ್ರೋತೃಗಳೇ, ಬೆಂಗಳೂರು ಮಹಾನಗರದ ಕಣ್ಮರೆಯಾದ ಕೆರೆಗಳ ಕುರಿತಾದ ವಿಶಿಷ್ಟ ಸರಣಿಗೆ ತಮಗೆಲ್ಲರಿಗೂ ಹಾರ್ದಿಕ ಸ್ವಾಗತ.’

ಇದರಲ್ಲಿ ತಪ್ಪು ಕನ್ನಡ ಇಲ್ಲ. ಆದರೆ ‘ಇಲ್ಲೊಂದು ಕೆರೆ ಇತ್ತು’ ಎಂದು ಕರೆದವಳು ಇವಳಲ್ಲ. ಅದೇ ಹೆಂಗಸು ಮಾತಾಡಿದರೆ ಹೀಗಿರುತ್ತದೆ. ಮೊದಲು ನಿಲ್ದಾಣದ ಸದ್ದು, ಕಂಡಕ್ಟರ್ ಕೂಗು, ಸೀಟಿ. ಅದರ ಮೇಲೆ ದನಿ:

‘ನಾನೀಗ ಮೆಜೆಸ್ಟಿಕ್‌ನಲ್ಲಿ ನಿಂತಿದ್ದೀನಿ. ಯಶವಂತಪುರದ ಬಸ್ಸಿಗೆ ಜನ ಓಡ್ತಾ ಇದ್ದಾರೆ. ಇವರೆಲ್ಲ ಓಡ್ತಾ ಇರೋದು ಧರ್ಮಾಂಬುಧಿಯ ಅಂಗಳದ ಮೇಲೆ. ಹೌದು, ಇಲ್ಲೊಂದು ಕೆರೆ ಇತ್ತು.’

ಸರಣಿಯ ಹೆಸರು ಇಲ್ಲಿ ಘೋಷಣೆಯಾಗಿ ಬಂದಿಲ್ಲ, ಮಾತಿನ ಕೊನೆಯ ವಾಕ್ಯವಾಗಿ ಬಂದಿದೆ. ಮುಂದಿನ ಕಂತಿನಲ್ಲಿ ಜಾಗ, ಸದ್ದು ಬದಲಾಗುತ್ತವೆ. ಕಂಠೀರವದಲ್ಲಾದರೆ ಓಟದ ಅಭ್ಯಾಸದ ಶಿಳ್ಳೆ ಕೇಳಿಸಬಹುದು. ಕೊನೆಯ ವಾಕ್ಯ ಮಾತ್ರ ಅದೇ. ಮೂರನೆಯ ಕಂತಿನ ಹೊತ್ತಿಗೆ ಕೇಳುಗರು ಅದಕ್ಕೆ ಕಾಯತೊಡಗುತ್ತಾರೆ. ಇಷ್ಟೂ ಸೇರಿ ಮೂವತ್ತು ಸೆಕೆಂಡಿಗೆ ಮುಗಿಯಬೇಕು. ಸತತವಾಗಿ ಐದು ಕಂತು ಕೇಳುವವರು ಒಂದೂವರೆ ನಿಮಿಷದ ಪರಿಚಯವನ್ನು ಎರಡನೇ ಸಲವೇ ದಾಟಿಸಿ ಮುಂದಕ್ಕೆ ಹೋಗುತ್ತಾರೆ.

ಆ ವಾಕ್ಯದ ನಂತರ ಐದು ಸೆಕೆಂಡಿನ ರಾಗವೊಂದು ಬೇಕು. ಕೆರೆ ಎಂದ ಕೂಡಲೇ ‘ಕೆರೆಗೆ ಹಾರ’ ನೆನಪಾಗುವುದು ಸಹಜ. ಅದನ್ನು ಬಳಸಬಾರದು ಎನ್ನುವುದಕ್ಕೆ ಎರಡು ಕಾರಣ. ಅದು ಬಲಿಯ ದುಃಖದ ಕಥೆ, ನಮ್ಮ ನಿರೂಪಕಿ ಗೋಳಾಡುವವಳಲ್ಲ. ಇನ್ನೊಂದು, ಹಾಡು ಜನಪದದ್ದಾದರೂ ಅದರ ಧ್ವನಿಮುದ್ರಣಕ್ಕೆ ಹಕ್ಕುದಾರರು ಇರುತ್ತಾರೆ. ಹತ್ತು ಸೆಕೆಂಡು ಬಳಸಿದರೆ ಅನುಮತಿ ಬೇಡ ಎಂಬ ಮಾತು ಚಾಲ್ತಿಯಲ್ಲಿದೆ, ಕಾನೂನಿನಲ್ಲಿ ಅಂಥ ವಿನಾಯಿತಿ ಇಲ್ಲ. ಒಬ್ಬ ಘಟಂ ವಾದಕರಿಂದ ಐದು ಸೆಕೆಂಡಿನ ನಡೆಯೊಂದನ್ನು ನುಡಿಸಿಕೊಂಡು, ಬಳಕೆಯ ಹಕ್ಕನ್ನು ಬರಹದಲ್ಲಿ ಪಡೆದುಕೊಂಡರೆ ಮುಗಿಯಿತು. ಮಣ್ಣು, ನೀರು ಎರಡೂ ಕೊಡದ ಸದ್ದಿನಲ್ಲೇ ಇವೆ. ಕೊನೆಗೆ ಇಡೀ ಕಂತಿನ ಸದ್ದಿನ ಮಟ್ಟವನ್ನು ಆಪಲ್ ಸೂಚಿಸುವ ಮೈನಸ್ 16 ಎಲ್‌ಯುಎಫ್‌ಎಸ್ ಸುಮಾರಿಗೆ ತರಬೇಕು. ರಾಗ ಕಿವಿಗೆ ಹೊಡೆದು, ಮಾತು ಕೇಳಿಸದೆ ಹೋದರೆ ಇಷ್ಟು ಹೊತ್ತು ಕಟ್ಟಿದ ಸಲಿಗೆ ಅಲ್ಲೇ ಕೆಡುತ್ತದೆ.

ಕೊನೆಯಲ್ಲಿ ಮುಖಚಿತ್ರ. ಆಪಲ್ ಕೇಳುವುದು 3000 ಪಿಕ್ಸೆಲ್ ಉದ್ದಗಲದ ಚೌಕ. ಡಿಸೈನರ್ ಅದನ್ನು ದೊಡ್ಡ ಪರದೆಯಲ್ಲಿ ಮಾಡುತ್ತಾರೆ, ನಾವೂ ದೊಡ್ಡದಾಗಿಯೇ ನೋಡಿ ಮೆಚ್ಚುತ್ತೇವೆ. ಕೇಳುಗರು ನೋಡುವುದು ಅದರ ಸಣ್ಣ ರೂಪವನ್ನು. ಹಾಗಾಗಿ ಚಿತ್ರವನ್ನು 60 ಪಿಕ್ಸೆಲ್‌ಗೆ ಇಳಿಸಿ ಫೋನಿನಲ್ಲಿ ನೋಡದೆ ಒಪ್ಪಬೇಡಿ. ಸೂರ್ಯಾಸ್ತದ ಕೆರೆ, ಕೊಕ್ಕರೆ, ತಾವರೆ ಎಲ್ಲವೂ ಆ ಗಾತ್ರದಲ್ಲಿ ಕಂದು ಕಲೆಯಾಗುತ್ತವೆ. ಮೈಕ್, ಹೆಡ್‌ಫೋನ್ ಚಿತ್ರಗಳಂತೂ ಬೇಡವೇ ಬೇಡ, ಇದು ಪಾಡ್‌ಕಾಸ್ಟ್ ಎಂಬುದು ನೋಡುವವರಿಗೆ ಗೊತ್ತೇ ಇದೆ. ನಮ್ಮ ಸರಣಿಗೆ ಒಂದೇ ವಸ್ತು ಸಾಕು: ಕೆಳಗಿನ ಅರ್ಧ ತಿಳಿನೀಲಿ, ಅದರಲ್ಲಿ ಮಂಡಿಯವರೆಗೆ ಮುಳುಗಿ ನಿಂತ ಹಳದಿ ಬಸ್ ನಿಲ್ದಾಣದ ಫಲಕ, ಫಲಕದ ಮೇಲೆ ಹೆಸರು. ದನಿ ಹೇಳಿದ್ದನ್ನೇ ಚಿತ್ರವೂ ಹೇಳುತ್ತದೆ, ಅದೇ ನಿರ್ಲಿಪ್ತಿಯಲ್ಲಿ.

ಕನ್ನಡ ಲಿಪಿಗೆ ಇಲ್ಲಿ ವಿಶೇಷ ಗಮನ ಬೇಕು. ‘ಲ್ಲೊ’, ‘ತ್ತು’ಗಳ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಹೆಸರನ್ನು ಎರಡು ಸಾಲಾಗಿ ಒಡೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ, ಗುಡಿಸಿಗೆ ತಾಗಿ ಎರಡೂ ಓದಲು ಬಾರದಂತಾಗುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ತೆಳು ಅಕ್ಷರದಲ್ಲಿ ಒತ್ತುಗಳು ಮಾಯವಾಗುತ್ತವೆ, ತೀರಾ ದಪ್ಪವಾದರೆ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಉಚಿತವಾಗಿ ಸಿಗುವ ‘ಅನೇಕ್ ಕನ್ನಡ’ದಲ್ಲಿ ದಪ್ಪ, ಅಗಲ ಎರಡನ್ನೂ ಬೇಕಾದಂತೆ ಹೊಂದಿಸಬಹುದು. ದುಂಡನೆಯ ‘ಬಲೂ ತಮ್ಮ’ ಕೂಡ ಸಣ್ಣ ಗಾತ್ರದಲ್ಲಿ ಉಳಿಯುತ್ತದೆ, ಆದರೆ ಅದರ ಮಕ್ಕಳಾಟಿಕೆಯ ಮುಖ ಈ ನಿರೂಪಕಿಗೆ ಹೊಂದದು.

ಮೂರೂ ಕೂಡಿವೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ವಿಷಯ ಗೊತ್ತಿಲ್ಲದ ಮೂವರನ್ನು ಹಿಡಿಯಿರಿ. ಒಬ್ಬರಿಗೆ ಹೆಸರನ್ನಷ್ಟೇ ಹೇಳಿ, ಇನ್ನೊಬ್ಬರಿಗೆ ಅಕ್ಷರ ಮುಚ್ಚಿ ಚಿತ್ರ ಮಾತ್ರ ತೋರಿಸಿ, ಮತ್ತೊಬ್ಬರಿಗೆ ಪರಿಚಯ ಮಾತ್ರ ಕೇಳಿಸಿ. ಮೂವರಿಗೂ ಒಂದೇ ಪ್ರಶ್ನೆ: ಇದನ್ನು ಹೇಳುತ್ತಿರುವವರು ಎಂಥವರು? ಒಬ್ಬರು ‘ಪ್ರೊಫೆಸರ್’ ಎಂದು, ಇನ್ನೊಬ್ಬರು ‘ಊರು ಸುತ್ತುವ ಹುಡುಗಿ’ ಎಂದು ಹೇಳಿದರೆ ಕೆಲಸ ಮುಗಿದಿಲ್ಲ. ಆಗ ಬೇರೆಯಾದ ಒಂದನ್ನು ಉಳಿದೆರಡಕ್ಕೆ ಹೊಂದಿಸಬೇಕು. ಚಿತ್ರವನ್ನೂ ಪರಿಚಯವನ್ನೂ ಸರಣಿ ಶುರುವಾದ ಮೇಲೂ ಬದಲಿಸಬಹುದು. ಜನರ ಬಾಯಿಗೆ ಬಿದ್ದ ಹೆಸರನ್ನು ಬದಲಿಸುವುದು ಕಷ್ಟ. ಅದಕ್ಕೇ ಈ ಪರೀಕ್ಷೆಯನ್ನು ಮೊದಲ ಕಂತು ಹೊರಬೀಳುವ ಮುನ್ನವೇ ಮಾಡಿ ಮುಗಿಸಿ.