ಡ್ರಾ ಆಗಲಾರದ ಆಟ

2018ರ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲ್‌ಸನ್ ಮತ್ತು ಕರುವಾನಾ ಆಡಿದ ಹನ್ನೆರಡು ಕ್ಲಾಸಿಕಲ್ ಪಂದ್ಯಗಳೂ ಡ್ರಾ ಆದವು. ಇದು ಬೇಸರ ತರಿಸಿದ್ದರೆ ಹೆಕ್ಸ್ ಆಡಿ ನೋಡಿ. ಇಲ್ಲಿ ದಾಳವಿಲ್ಲ, ಮುಚ್ಚಿಟ್ಟ ಎಲೆಗಳಿಲ್ಲ, ಡ್ರಾ ಕೂಡ ಇಲ್ಲ.

ಡೆನ್ಮಾರ್ಕಿನ ಪೀಟ್ ಹೈನ್ 1942ರಲ್ಲಿ ಇದನ್ನು ರೂಪಿಸಿದರು. ಕೆಲವು ವರ್ಷಗಳ ನಂತರ ಪ್ರಿನ್ಸ್‌ಟನ್‌ನಲ್ಲಿ ಗಣಿತಜ್ಞ ಜಾನ್ ನ್ಯಾಶ್ ಸ್ವತಂತ್ರವಾಗಿ ಇದೇ ಆಟವನ್ನು ಕಂಡುಕೊಂಡರು. ಸಾಮಾನ್ಯವಾಗಿ ಆಡುವ ಹಲಗೆಯಲ್ಲಿ ಸಾಲಿಗೆ 11ರಂತೆ 121 ಷಟ್ಕೋನ ಮನೆಗಳು. ಎದುರುಬದುರಿನ ಎರಡು ಅಂಚು ಕೆಂಪಿಗೆ, ಉಳಿದೆರಡು ನೀಲಿಗೆ. ಸರದಿಯಂತೆ ಒಂದೊಂದು ಕಾಯಿ ಇಡುತ್ತಾ, ತನ್ನ ಎರಡು ಅಂಚುಗಳನ್ನು ಮೊದಲು ಜೋಡಿಸಿದವರು ಗೆದ್ದರು. ಇಟ್ಟ ಕಾಯಿ ಕದಲುವುದಿಲ್ಲ, ಹೊಡೆಯುವುದೂ ಇಲ್ಲ. ಹಾಗಾಗಿ ಹಾಳೆಯ ಮೇಲೆ ಎರಡು ಬಣ್ಣದ ಪೆನ್ನಿನಲ್ಲೇ ಆಡಬಹುದು.

ಆಟದ ಜೀವಾಳ ‘ಸೇತುವೆ’. ನಿಮ್ಮ ಕಾಯಿಗೆ ತಾಗಿದ, ಒಂದಕ್ಕೊಂದು ಅಂಟಿದ ಎರಡು ಖಾಲಿ ಮನೆಗಳನ್ನು ಆರಿಸಿ. ಆ ಎರಡಕ್ಕೂ ತಾಗುವ ಆಚೆಯ ಮನೆಯಲ್ಲಿ ಇನ್ನೊಂದು ಕಾಯಿ ಇಡಿ. ಎರಡೂ ಕಾಯಿಗಳು ಮುಟ್ಟಿಕೊಂಡಿಲ್ಲ, ಆದರೂ ಕೂಡಿಕೊಂಡಂತೆಯೇ ಲೆಕ್ಕ. ಎದುರಾಳಿ ನಡುವಿನ ಒಂದು ಮನೆ ಹಿಡಿದರೆ ನೀವು ಇನ್ನೊಂದನ್ನು ಹಿಡಿಯುತ್ತೀರಿ. ಅಂಚಿನಿಂದ ಎರಡನೇ ಸಾಲಿನ ಕಾಯಿಯೂ ಹೀಗೆಯೇ, ಅದರ ಕೆಳಗಿನ ಎರಡು ಮನೆ ಖಾಲಿಯಿದ್ದರೆ ಅಂಚು ಸೇರಿದಂತೆಯೇ. ಹೊಸಬರು ಮುಗ್ಗರಿಸುವುದು ಎರಡು ಸೇತುವೆಗಳಿಗೆ ಒಂದೇ ಖಾಲಿ ಮನೆ ಪಾಲಾದಾಗ. ಎದುರಾಳಿ ಅಲ್ಲಿಗೇ ಬಂದರೆ ಒಂದು ನಡೆಯಲ್ಲಿ ಎರಡನ್ನೂ ಉಳಿಸಿಕೊಳ್ಳಲಾಗದು. ಎದುರಾಳಿಯ ಕಾಯಿಗೆ ಅಂಟಿಕೊಂಡು ಅಡ್ಡ ನಿಲ್ಲುವುದೂ ವ್ಯರ್ಥ, ಆತ ಪಕ್ಕದಿಂದ ನುಸುಳಿ ಹೋಗುತ್ತಾನೆ. ತಡೆಯನ್ನು ಸ್ವಲ್ಪ ದೂರದಲ್ಲೇ ಹಾಕಬೇಕು.

ಹಲಗೆ ಪೂರ್ತಿ ತುಂಬಿದರೆ ಒಬ್ಬರ ದಾರಿ ಕೂಡಿಯೇ ಇರುತ್ತದೆ, ಇಬ್ಬರದೂ ಕೂಡುವುದು ಸಾಧ್ಯವೇ ಇಲ್ಲ. ಇದರ ಮೇಲೆ ನ್ಯಾಶ್ ಹೂಡಿದ ತರ್ಕ ಸೊಗಸಾಗಿದೆ. ಎರಡನೆಯವರಿಗೆ ಖಚಿತ ಗೆಲುವಿನ ತಂತ್ರವಿದೆ ಎಂದುಕೊಳ್ಳೋಣ. ಮೊದಲನೆಯವರು ಎಲ್ಲೋ ಒಂದು ಕಾಯಿ ಇಟ್ಟು, ಆಮೇಲೆ ಅದೇ ತಂತ್ರ ಹಿಡಿದು ಆಡಬಹುದಲ್ಲ! ಹೆಚ್ಚುವರಿ ಕಾಯಿಯಿಂದ ಇಲ್ಲಿ ಯಾವತ್ತೂ ನಷ್ಟವಿಲ್ಲ. ಆಗ ಇಬ್ಬರೂ ಗೆಲ್ಲಬೇಕಾಗುತ್ತದೆ, ಅದು ಅಸಾಧ್ಯ. ಅಂದಮೇಲೆ ತಪ್ಪಿಲ್ಲದೆ ಆಡಿದರೆ ಗೆಲುವು ಮೊದಲನೆಯವರದೇ. ಹೇಗೆ ಆಡಬೇಕು ಎಂಬುದನ್ನು ಮಾತ್ರ ಈ ತರ್ಕ ಹೇಳುವುದಿಲ್ಲ!

ಈ ಅಸಮಾನತೆಗೆ ಮದ್ದೂ ಇದೆ. ಮೊದಲ ಕಾಯಿ ಬಿದ್ದ ಕೂಡಲೇ ಎದುರಾಳಿ ಬೇಕಿದ್ದರೆ ಪಕ್ಷ ಬದಲಿಸಿಕೊಳ್ಳಬಹುದು. ಆದ್ದರಿಂದ ನಟ್ಟನಡುವೆ ಆರಂಭಿಸುವುದು ದಡ್ಡತನ, ಅದನ್ನು ಅವರೇ ಕಸಿದುಕೊಳ್ಳುತ್ತಾರೆ. ಅತಿ ಬಲವೂ ಅತಿ ದುರ್ಬಲವೂ ಅಲ್ಲದ ಮನೆಯನ್ನು ಹುಡುಕುವುದೇ ಮೊದಲ ಪರೀಕ್ಷೆ.

ಕಲಿಯಲು 7×7 ಹಲಗೆ ಸಾಕು, ಆದರೆ ಅಲ್ಲೇ ನಿಲ್ಲಬೇಡಿ. 9×9ರವರೆಗೆ ಪ್ರತಿ ಮೊದಲ ನಡೆಯ ಫಲಿತಾಂಶವನ್ನೂ ಕಂಪ್ಯೂಟರ್ ಲೆಕ್ಕ ಹಾಕಿ ಮುಗಿಸಿದೆ.