ಅಂಟಿದ ಔಷಧಿ, ಬಿಡಿಯಾದ ಔಷಧಿ

ವೈದ್ಯಕೀಯ ಪರೀಕ್ಷೆಗೆ ಓದುವವರು ನಿಮ್ಮ ಮನೆಯಲ್ಲಿದ್ದರೆ ಈ ಪ್ರಶ್ನೆಯನ್ನು ನೀವು ಕೇಳಿರಬಹುದು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಸೇವಿಸುವ ರೋಗಿಗೆ ಕೀಲುನೋವಿನ ಫಿನೈಲ್‌ಬ್ಯುಟಜೋನ್ ಕೊಟ್ಟರೆ ರಕ್ತಸ್ರಾವವಾಗುವುದೇಕೆ? ರೂಢಿಯ ಉತ್ತರ ಹೀಗಿದೆ: ರಕ್ತದಲ್ಲಿರುವ ವಾರ್ಫರಿನ್ನಿನ 100 ಪಾಲಿನಲ್ಲಿ ಸುಮಾರು 99 ಪಾಲು ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿರುತ್ತದೆ, ಕೆಲಸ ಮಾಡುವುದು ಬಿಡಿಯಾದ 1 ಪಾಲು ಮಾತ್ರ. ಹೊಸ ಔಷಧಿ ಬಂದು ಅದನ್ನು ಎಬ್ಬಿಸಿ, ಬಿಡಿ ಪಾಲನ್ನು 2 ಮಾಡಿದರೆ ಪರಿಣಾಮ ಇಮ್ಮಡಿಯಾಯಿತಲ್ಲವೆ?

ಲೆಕ್ಕ ಇನ್ನೂ ಮುಗಿದಿಲ್ಲ. ಬಿಡಿಯಾದದ್ದು ರಕ್ತದಲ್ಲೇ ನಿಲ್ಲದೆ ಅಂಗಾಂಶಗಳಿಗೂ ಹರಡುತ್ತದೆ. ಮೇಲಾಗಿ ಯಕೃತ್ತು ಒಡೆಯುವುದು ಬಿಡಿ ಪಾಲನ್ನೇ. ಅದು ಹೆಚ್ಚಿದರೆ ವಿಲೇವಾರಿಯೂ ಹೆಚ್ಚು. ದಿನದ ಮಾತ್ರೆ ಅಷ್ಟೇ ಇದ್ದರೆ, ಕೆಲವು ದಿನಗಳಲ್ಲಿ ಒಟ್ಟು 100 ಇದ್ದದ್ದು 50ಕ್ಕೆ ಇಳಿಯುತ್ತದೆ. 50ರಲ್ಲಿ ಶೇಕಡ 2 ಎಷ್ಟು? ಅದೇ ಹಳೆಯ 1!

ಹಾಗಾದರೆ ರಕ್ತಸ್ರಾವ ಸುಳ್ಳೆ? ಸುಳ್ಳಲ್ಲ, ಕಾರಣ ಬೇರೆ. ವಾರ್ಫರಿನ್ನಿನಲ್ಲಿ ಎಡಗೈ ಬಲಗೈಗಳಂತೆ ಎರಡು ರೂಪಗಳುಂಟು. ಅವುಗಳಲ್ಲಿ ಹೆಚ್ಚು ಪ್ರಬಲವಾದುದನ್ನು ಯಕೃತ್ತು ಒಡೆಯದಂತೆ ಫಿನೈಲ್‌ಬ್ಯುಟಜೋನ್ ತಡೆಯುತ್ತದೆಂದು 1974ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಪಾಪ, ಅಲ್ಬುಮಿನ್ ಮೇಲೆ ಅಪವಾದ ಬಂದಿತ್ತು.

ಅಂಟುವಿಕೆಯನ್ನು ನೆನೆಯಬೇಕಾದದ್ದು ರಕ್ತಪರೀಕ್ಷೆಯ ವರದಿ ಓದುವಾಗ. ಮೂರ್ಛೆರೋಗದ ಫೆನಿಟೋಯಿನ್ ಸೇವಿಸುವವರಲ್ಲಿ ಅಲ್ಬುಮಿನ್ ಕಡಿಮೆಯಾದರೆ ಔಷಧಿಯ ಒಟ್ಟು ಅಂಕಿ ಇಳಿದು ಕಾಣುತ್ತದೆ. ಬಿಡಿ ಪಾಲು ಮಾತ್ರ ಸಾಕಷ್ಟಿರುತ್ತದೆ. ಅಂಕಿಯನ್ನೇ ನಂಬಿ ಮಾತ್ರೆ ಹೆಚ್ಚಿಸಿದರೆ ರೋಗಿಯ ಕಣ್ಣುಗುಡ್ಡೆ ಅದುರುತ್ತದೆ, ನಡಿಗೆ ತೂರಾಡುತ್ತದೆ. ಅಂಥವರಲ್ಲಿ ವೈದ್ಯರು ಬಿಡಿ ಪಾಲನ್ನೇ ಅಳೆಸಿ ನೋಡುತ್ತಾರೆ.