ಗಡಿಗೆ ಹದಿನಾಲ್ಕು ಮೈಲಿ

1966ರ ಅಕ್ಟೋಬರ್ 18ರಂದು ಭತ್ತದ ಲಾರಿಯೊಂದು ಪಂಜಾಬಿನಿಂದ ದಿಲ್ಲಿಯತ್ತ ಹೊರಟಿತ್ತು. ಪರವಾನಗಿ ಇಲ್ಲದೆ ಭತ್ತವನ್ನು ರಾಜ್ಯದಾಚೆ ಸಾಗಿಸುವಂತಿರಲಿಲ್ಲ. ಸಮಾಲ್ಖಾದ ತಪಾಸಣಾ ಗೇಟಿನಲ್ಲಿ ಲಾರಿಯನ್ನು ನಿಲ್ಲಿಸಿ ನೋಡಿದರೆ 75 ಚೀಲ. ಡ್ರೈವರು, ಕ್ಲೀನರು ಇಬ್ಬರ ಮೇಲೂ ಕೇಸಾಯಿತು. (ಸಮಾಲ್ಖಾ ಈಗ ಹರಿಯಾಣದ ಊರು. ಆ ರಾಜ್ಯ ಹುಟ್ಟಲು ಆಗ ಇನ್ನೂ ಎರಡು ವಾರ ಬಾಕಿಯಿತ್ತು.)

ಸುಪ್ರೀಂ ಕೋರ್ಟ್ ಇಬ್ಬರನ್ನೂ ಬಿಟ್ಟುಬಿಟ್ಟಿತು. ದಿಲ್ಲಿಯಿಂದ ಸಮಾಲ್ಖಾ 32 ಮೈಲಿ, ಗಡಿ 18ನೇ ಮೈಲಿಯಲ್ಲಿ. ಅಂದರೆ ಗಡಿ ದಾಟಲು ಇನ್ನೂ 14 ಮೈಲಿ ಓಡಬೇಕಿತ್ತು. ಅಷ್ಟರೊಳಗೆ ಯಾರಾದರೂ ಎಚ್ಚರಿಸಿದ್ದರೆ, ಇಲ್ಲವೇ ಮನಸ್ಸು ಬದಲಾಗಿದ್ದರೆ ಲಾರಿ ತಿರುಗಿಬಿಡಬಹುದಿತ್ತು. ಹಾಗಾಗಿ ಇದು ಬರೀ ಸಿದ್ಧತೆ, ಯತ್ನವಲ್ಲ ಎಂದಿತು ತೀರ್ಪು.

ಸರಿ, ಹತ್ತಿರ ಹೋದಷ್ಟೂ ಯತ್ನವಾಗುತ್ತದೆ ಎಂದುಕೊಂಡರೆ ಎಷ್ಟು ಹತ್ತಿರ? 1968ರ ಸೆಪ್ಟೆಂಬರಿನ ಒಂದು ರಾತ್ರಿ ಮುಂಬೈ ಬಳಿಯ ಕಾಮನ್ ಖಾಡಿಯ ದಡದಲ್ಲಿ ಜೀಪು, ಲಾರಿ ಬಂದು ನಿಂತವು. ಸದ್ದಿಲ್ಲದೆ ಹಿಂಬಾಲಿಸಿದ್ದ ಕಸ್ಟಮ್ಸ್ ಅಧಿಕಾರಿಗಳು ಮೇಲೆ ಬಿದ್ದಾಗ ಸಿಕ್ಕಿದ್ದು 43 ಬೆಳ್ಳಿ ಗಟ್ಟಿ. ಅದೇ ಹೊತ್ತಿಗೆ ಖಾಡಿಯ ಕಡೆಯಿಂದ ದೋಣಿಯ ಯಂತ್ರದ ಸದ್ದು ಕೇಳಿಸಿತ್ತು. ಬೆಳ್ಳಿ ದೋಣಿಗೇರಿರಲಿಲ್ಲವಲ್ಲ, ಇದೂ ಸಿದ್ಧತೆಯೇ ಎಂದು ಸೆಷನ್ಸ್ ಕೋರ್ಟ್ ಖುಲಾಸೆ ಮಾಡಿತು, ಹೈಕೋರ್ಟೂ ಒಪ್ಪಿತು. 1980ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಮಾತಿನ ಸಾರ ಇಷ್ಟು: ಹತ್ತಿರ ಅನ್ನುವುದನ್ನು ಗಡಿಯಾರದಿಂದಲೋ ಅಡಿಪಟ್ಟಿಯಿಂದಲೋ ಅಳೆಯಬೇಡಿ, ಮಾಡಿದ ಕೆಲಸವೇ ಉದ್ದೇಶವನ್ನು ಸಾರಿ ಹೇಳುತ್ತದೆಯೇ ನೋಡಿ. ಭತ್ತದ ಲಾರಿ ಹಗಲಲ್ಲಿ ಹೆದ್ದಾರಿಯಲ್ಲಿದ್ದರೆ ಅದು ಎಲ್ಲಿಗಾದರೂ ಹೋಗುತ್ತಿರಬಹುದು. ನಡುರಾತ್ರಿ ಖಾಡಿಯ ದಡದಲ್ಲಿ ಬೆಳ್ಳಿ ಇಳಿಸುವವರಿಗೆ ಬೇರೆ ಯಾವ ಕೆಲಸವಿದ್ದೀತು? ನನಗೂ ಇದೇ ಗಟ್ಟಿ ಅನ್ನಿಸುತ್ತದೆ. ಮನಸ್ಸು ಬದಲಾಗಬಹುದಿತ್ತೇ ಎಂಬುದೊಂದನ್ನೇ ಕೇಳುತ್ತ ಹೋದರೆ, ದೋಣಿಗೆ ಒಂದು ಕಾಲಿಟ್ಟವನನ್ನೂ ಬಿಡಬೇಕಾದೀತು.

ಯತ್ನಕ್ಕೆ ಶಿಕ್ಷೆ ಎಷ್ಟೆಂದು ಬೇರೆಡೆ ಹೇಳಿಲ್ಲದಿದ್ದರೆ, ಮೂಲ ಅಪರಾಧದ ಗರಿಷ್ಠ ಸಜೆಯ ಅರ್ಧದವರೆಗೆ ವಿಧಿಸಬಹುದು. ಹಳೆಯ ದಂಡಸಂಹಿತೆಯ 511ನೇ ಕಲಂ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 62ನೇ ಕಲಮಾಗಿದೆ. ಅದರಲ್ಲೊಂದು ಉದಾಹರಣೆ ಇದೆ: ಕಳ್ಳ ಜೇಬಿಗೆ ಕೈ ಹಾಕುತ್ತಾನೆ, ಜೇಬು ಖಾಲಿ. ಆದರೂ ಅದು ಯತ್ನವೇ.

ಒಳಸಂಚಿನ ದಾರಿಯೇ ಬೇರೆ. ಅಲ್ಲಿ ಮೈಲಿಯ ಲೆಕ್ಕವಿಲ್ಲ. ಒಬ್ಬನೇ ಕೂತು ಕಳ್ಳತನದ ಯೋಜನೆ ಹಾಕಿದರೆ ಅಪರಾಧವಲ್ಲ. ಇಬ್ಬರು ಕೂಡಿ ಕದಿಯೋಣ ಎಂದು ಒಪ್ಪಿಕೊಂಡ ಕ್ಷಣವೇ 61ನೇ ಕಲಂ ಅನ್ವಯಿಸುತ್ತದೆ. ಆದರೆ ಒಪ್ಪಂದ ಆಗಿತ್ತೆಂದು ಸಾಬೀತು ಮಾಡುವುದು ಸುಲಭವಲ್ಲ, ಸಂಚಿಗೆ ಸಾಕ್ಷಿ ಇಟ್ಟುಕೊಂಡು ಯಾರೂ ಕೂರುವುದಿಲ್ಲ.

ಸಿದ್ಧತೆಗೇ ಶಿಕ್ಷೆಯಾಗುವ ಕೆಲವು ಅಪರಾಧಗಳೂ ಇವೆ. ದರೋಡೆ ಅದರಲ್ಲೊಂದು. ದರೋಡೆಗೆ ಹೊಂಚು ಹಾಕಿದ್ದ ಐವರ ಬಂಧನ, ಲಾಂಗು, ಖಾರದ ಪುಡಿ ವಶ ಎಂದು ನಮ್ಮ ಪತ್ರಿಕೆಗಳಲ್ಲಿ ಬರುತ್ತಿರುತ್ತದಲ್ಲ, ಆ ಐವರು ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ನಾಲ್ವರಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ದರೋಡೆಯೇ ಅಲ್ಲ.